ಛಾಯಾಗ್ರಾಹಕರ ಶೋರೀಲ್: ಯಾವ ಶಾಟ್ ಇಡಬೇಕು, ಯಾವುದನ್ನು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು

"ಶೋರೀಲ್ ಎಷ್ಟು ನಿಮಿಷ ಇರಬೇಕು?" ಈ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಶೋರೀಲ್ ಅಂದರೆ ಕೆಲಸ ಕೇಳುವಾಗ ಕಳಿಸುವ, ನಮ್ಮ ಒಳ್ಳೆಯ ಶಾಟ್‌ಗಳನ್ನು ಜೋಡಿಸಿದ ಸಣ್ಣ ವಿಡಿಯೊ. ಕೇಳುವವರಲ್ಲಿ ಹೆಸರಘಟ್ಟದ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಿಪ್ಲೊಮಾ ಮುಗಿಸಿದವರಿದ್ದಾರೆ. ನಾಲ್ಕೈದು ವರ್ಷ ಕ್ಯಾಮೆರಾ ಅಸಿಸ್ಟೆಂಟ್ ಆಗಿ ದುಡಿದು ಈಗ ಸ್ವಂತ ಕೆಲಸ ಹುಡುಕುತ್ತಿರುವವರಿದ್ದಾರೆ. ಮದುವೆ ವಿಡಿಯೊ ಬಿಟ್ಟು ಸಿನಿಮಾ ಕಡೆ ಹೊರಟವರೂ ಇದ್ದಾರೆ.

ಒಂದೂವರೆ ನಿಮಿಷ ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಆ ಅಂಕಿ ಹಿಡಿದು ಹೋದವರು ತೊಂಬತ್ತು ಸೆಕೆಂಡ್ ತುಂಬಿಸುವ ಕೆಲಸಕ್ಕೆ ಕೂರುತ್ತಾರೆ. ಐವತ್ತು ಸೆಕೆಂಡಿಗೆ ಒಳ್ಳೆಯ ಶಾಟ್ ಮುಗಿದಿರುತ್ತವೆ, ಆಮೇಲೆ ಸುಮಾರಾದವು ಒಳಗೆ ನುಸುಳುತ್ತವೆ. ಕ್ರಮ ಉಲ್ಟಾ ಇರಬೇಕು. ಮೊದಲು ಶಾಟ್ ಆರಿಸಿ. ಉಳಿದವು ಎಷ್ಟು ಹೊತ್ತು ತೆರೆಯ ಮೇಲೆ ನಿಲ್ಲುತ್ತವೋ ಅದೇ ರೀಲ್‌ನ ಉದ್ದ.

ಇತ್ತೀಚೆಗೆ ಒಬ್ಬರ ರೀಲನ್ನು ಜೊತೆಯಲ್ಲಿ ಕೂತು ಹೀಗೇ ಕಟ್ ಮಾಡಿದೆವು. ಅವರು ಬೆಂಗಳೂರಿನಲ್ಲಿ ಆರು ವರ್ಷದಿಂದ ಇರುವ ಛಾಯಾಗ್ರಾಹಕಿ. ಕೈಯಲ್ಲಿದ್ದದ್ದು ಎರಡು ಕಿರುಚಿತ್ರ, ಒಂದು ಆಲ್ಬಂ ಹಾಡು, ಮೂರು ಸಣ್ಣ ಜಾಹೀರಾತು, ಉತ್ತರ ಕನ್ನಡದಲ್ಲಿ ತೆಗೆದ ಒಂದು ಡಾಕ್ಯುಮೆಂಟರಿ. ಜೊತೆಗೆ ಮುಖ್ಯ ಛಾಯಾಗ್ರಾಹಕರ ಕೈಕೆಳಗೆ ಅಸೋಸಿಯೇಟ್ ಆಗಿ ದುಡಿದ ಒಂದು ಸಿನಿಮಾ. ಹಳೆಯ ರೀಲ್ 3 ನಿಮಿಷ 40 ಸೆಕೆಂಡ್ ಇತ್ತು. ಹೊಸದು 1 ನಿಮಿಷ 31 ಸೆಕೆಂಡಿಗೆ ಬಂತು. ಅದು ಹೇಗಾಯಿತು ಅನ್ನುವುದನ್ನೇ ಹಂತ ಹಂತವಾಗಿ ಹೇಳುತ್ತೇನೆ.

1. ಯಾವ ಕೆಲಸಕ್ಕೆ ಅಂತ ಒಂದು ಸಾಲು ಬರೆದುಕೊಳ್ಳಿ

"ಎಲ್ಲದಕ್ಕೂ ಆಗುತ್ತೆ" ಅನ್ನುವ ರೀಲ್ ಯಾವುದಕ್ಕೂ ಆಗುವುದಿಲ್ಲ. ಕಥೆ ಇರುವ ಕೆಲಸಕ್ಕೆ (ಸಿನಿಮಾ, ವೆಬ್ ಸರಣಿ, ಕಿರುಚಿತ್ರ) ಒಂದು ರೀಲ್, ಜಾಹೀರಾತಿಗೆ ಇನ್ನೊಂದು, ಡಾಕ್ಯುಮೆಂಟರಿಗೆ ಮತ್ತೊಂದು. ಮೂರನ್ನೂ ಒಟ್ಟಿಗೆ ಮಾಡಬೇಕಿಲ್ಲ. ಸದ್ಯ ಯಾವ ಅರ್ಜಿ ಮುಂದಿದೆಯೋ ಅದೊಂದೇ ಸಾಕು.

ಇವರ ಮುಂದೆ ಇದ್ದದ್ದು ಒಂದು ವೆಬ್ ಸರಣಿ. ಕಥೆ ಹೆಚ್ಚುಕಡಿಮೆ ಪೂರ್ತಿ ಒಂದು ಹಳೇ ಮನೆಯೊಳಗೆ ನಡೆಯುತ್ತದೆ. ರಾತ್ರಿ ದೃಶ್ಯಗಳು ಜಾಸ್ತಿ. ಇಬ್ಬರು ಅಕ್ಕತಂಗಿಯರ ಮಾತುಕತೆಯೇ ಮುಖ್ಯ. ನಾವು ಬರೆದುಕೊಂಡ ಸಾಲು ಇಷ್ಟು: "ಒಳಾಂಗಣ, ರಾತ್ರಿ, ಇಬ್ಬರ ಮಾತು." ಹಾಳೆಯನ್ನು ಮಾನಿಟರ್ ಪಕ್ಕ ಅಂಟಿಸಿದೆವು. ಮುಂದೆ ಜಗಳ ಬಂದಾಗಲೆಲ್ಲ ಆ ಹಾಳೆಯೇ ನ್ಯಾಯ ಹೇಳಿತು.

2. ಮೂಲ ಫೈಲ್‌ಗಳನ್ನು ಕೂಡಿಸಿ

ಯೂಟ್ಯೂಬ್‌ನಿಂದ ಇಳಿಸಿಕೊಂಡ ಫೈಲ್ ಬೇಡ. ಅದು ಒಮ್ಮೆ ಹಿಂಡಿ ಚಿಕ್ಕದಾಗಿರುವ ಫೈಲ್. ನೀವು ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಮತ್ತೆ ಅಪ್‌ಲೋಡ್ ಮಾಡಿದರೆ ಕತ್ತಲಿರುವ ಜಾಗದಲ್ಲೆಲ್ಲ ಚೌಕ ಚೌಕ ಕಾಣುತ್ತದೆ. ನಿರ್ದೇಶಕರನ್ನೋ ಎಡಿಟರನ್ನೋ ಕೇಳಿ, ಡಿಐ ಆದ ಮೇಲಿನ ಮಾಸ್ಟರ್ ಫೈಲ್ ಪಡೆಯಿರಿ. ಡಿಐ ಅಂದರೆ ಎಡಿಟಿಂಗ್ ಮುಗಿದ ಮೇಲೆ ಕಲರಿಸ್ಟ್ ಜೊತೆ ಕೂತು ಬಣ್ಣ, ಬೆಳಕು ಸರಿಮಾಡುವ ಕೆಲಸ.

ಕೇಳುವಾಗಲೇ ಅನುಮತಿಯನ್ನೂ ಕೇಳಿ. ಬಿಡುಗಡೆ ಆಗದ ಚಿತ್ರವಾದರೆ ಇದು ತಪ್ಪಿಸುವ ಹಾಗಿಲ್ಲ. ವಾಟ್ಸಾಪ್‌ನಲ್ಲಾದರೂ ಸರಿ, ಉತ್ತರ ಬರಹದಲ್ಲಿ ಇರಲಿ. "ಪಾಸ್‌ವರ್ಡ್ ಹಾಕಿದ್ದೀನಲ್ಲ, ಯಾರಿಗೂ ಕಾಣಲ್ಲ" ಅನ್ನುವುದು ಅನುಮತಿಗೆ ಬದಲಿ ಆಗುವುದಿಲ್ಲ. ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಹಾಕಿದ್ದರಂತೂ ಆ ಶಾಟ್ ಮರೆತುಬಿಡಿ.

ಎಲ್ಲ ಫೈಲ್ ಸಿಕ್ಕ ಮೇಲೆ ಒಂದೊಂದೇ ಶಾಟ್ ಕತ್ತರಿಸುತ್ತ ಕೂರಬೇಕಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ನಲ್ಲಿ Scene Cut Detection ಎಂಬ ಸೌಲಭ್ಯ ಇದೆ. ಮುಗಿದ ಚಿತ್ರವನ್ನು ಕಟ್ ಇರುವ ಕಡೆಯೆಲ್ಲ ಅದೇ ತುಂಡು ಮಾಡಿಕೊಡುತ್ತದೆ. ಒಂದು ಶಾಟ್ ಕರಗಿ ಇನ್ನೊಂದಾಗುವ ಡಿಸಾಲ್ವ್ ಇರುವ ಕಡೆ ತಪ್ಪುತ್ತದೆ, ಅಲ್ಲಿ ಮಾತ್ರ ಕೈಯಿಂದ ಸರಿಮಾಡಿ. ಇವರ ಎಲ್ಲ ಕೆಲಸದಿಂದ "ನೋಡಬಹುದು" ಅನಿಸಿದ ಶಾಟ್ ಎತ್ತಿಟ್ಟಾಗ ಲೆಕ್ಕ 140 ಬಂತು.

3. ಮೊದಲ ಜರಡಿ: ಇದು ನನ್ನದೇನಾ?

ಪ್ರತಿ ಶಾಟ್‌ಗೂ ಎರಡು ಪ್ರಶ್ನೆ. ಬೆಳಕು ನಾನು ಮಾಡಿದ್ದಾ? ಫ್ರೇಮ್ ನಾನು ನಿರ್ಧರಿಸಿದ್ದಾ? ಎರಡಕ್ಕೂ "ಇಲ್ಲ" ಅಂತ ಬಂದರೆ ಶಾಟ್ ಹೊರಗೆ.

ಮೊದಲು ಬಿದ್ದದ್ದು ಡ್ರೋನ್. ಡ್ರೋನ್ ಹಾರಿಸಿದವರು ಬೇರೆ, ಬೆಳಕು ಸೂರ್ಯನದು. ನೀವೇ ಹಾರಿಸಿದ್ದರೂ ಒಂದಕ್ಕಿಂತ ಜಾಸ್ತಿ ಬೇಡ. ಮೇಲಿಂದ ನೋಡಿದ ತೋಟ, ಮೇಲಿಂದ ನೋಡಿದ ರಸ್ತೆ ಎಲ್ಲರ ರೀಲ್‌ನಲ್ಲೂ ಇದೆ.

ಆಮೇಲೆ ಬಂತು ನೋವಿನ ಭಾಗ. ಅಸೋಸಿಯೇಟ್ ಆಗಿದ್ದ ಸಿನಿಮಾದಿಂದ ಅವರು 31 ಶಾಟ್ ಇಟ್ಟುಕೊಂಡಿದ್ದರು. ಅದು ದೊಡ್ಡ ಸಿನಿಮಾ, ಗೊತ್ತಿರುವ ಮುಖಗಳು, ಒಳ್ಳೆಯ ಲೆನ್ಸ್. ಆದರೆ ಅವುಗಳಲ್ಲಿ 27ರ ಬೆಳಕು ಮತ್ತು ಫ್ರೇಮ್ ಎರಡೂ ಮುಖ್ಯ ಛಾಯಾಗ್ರಾಹಕರದು. ಇವರು ಸೆಕೆಂಡ್ ಯೂನಿಟ್ ನಡೆಸಿದ ದಿನ (ಮುಖ್ಯ ತಂಡ ಬೇರೆ ಕಡೆ ಇದ್ದಾಗ ಇನ್ನೊಂದು ಸಣ್ಣ ತಂಡ ಶೂಟ್ ಮಾಡುವುದು) ತೆಗೆದವು ನಾಲ್ಕೇ. ನಾಲ್ಕನ್ನು ಇಟ್ಟು ಉಳಿದದ್ದು ತೆಗೆದೆವು.

ಯಾಕಿಷ್ಟು ಕಟ್ಟುನಿಟ್ಟು? ಗಾಂಧಿನಗರ ಸಣ್ಣ ಊರು. ರೀಲ್ ನೋಡುವವರಿಗೆ ಆ ಸಿನಿಮಾದ ಛಾಯಾಗ್ರಾಹಕರ ನಂಬರ್ ಗೊತ್ತಿರುತ್ತದೆ. ಒಂದು ಫೋನ್ ಸಾಕು. ಬೇರೆಯವರ ಒಂದು ಶಾಟ್ ಸಿಕ್ಕಿಬಿದ್ದರೆ ನಿಮ್ಮ ಉಳಿದ ಶಾಟ್‌ಗಳ ಮೇಲೂ ಅನುಮಾನ ಬರುತ್ತದೆ. ನೀವು ಆಪರೇಟರ್ ಮಾತ್ರ ಆಗಿದ್ದು, ಅಂದರೆ ಕ್ಯಾಮೆರಾ ಹಿಡಿದದ್ದು ಮಾತ್ರ ನೀವಾಗಿದ್ದು, ಶಾಟ್ ನಿಜಕ್ಕೂ ಬೇಕೇ ಬೇಕು ಅನ್ನಿಸಿದರೆ ತೆರೆಯ ಮೂಲೆಯಲ್ಲಿ "ಆಪರೇಟರ್" ಎಂದು ಬರೆದೇ ಇಡಿ.

140ರಲ್ಲಿ 96 ಉಳಿದವು.

4. ಎರಡನೇ ಜರಡಿ: ಇದು ಏನನ್ನು ತೋರಿಸುತ್ತದೆ?

ಈ ಹಂತಕ್ಕೆ ಒಂದು ಇಡೀ ದಿನ ಕೊಡಿ. ಪ್ರತಿ ಶಾಟ್ ಪಕ್ಕ ಒಂದು ಸಾಲು ಬರೆಯಿರಿ: ಇದನ್ನು ನೋಡಿದವರಿಗೆ ನನ್ನ ಬಗ್ಗೆ ಏನು ಗೊತ್ತಾಗುತ್ತೆ? "ಚೆನ್ನಾಗಿದೆ" ಅನ್ನುವುದು ಉತ್ತರ ಅಲ್ಲ. "ಕಿಟಕಿ ಹೊರಗಿನ ಬಿಸಿಲೂ ಸುಟ್ಟುಹೋಗದೆ, ಒಳಗಿನ ಮುಖವೂ ಕಪ್ಪಾಗದೆ ಸಂಭಾಳಿಸಿದ್ದೇನೆ" ಅನ್ನುವುದು ಉತ್ತರ.

ಬರೆಯುತ್ತಾ ಹೋದರೆ ಒಂದು ವಿಷಯ ಹೊಳೆಯುತ್ತದೆ. ಕೆಲವು ಶಾಟ್ ಚಂದ ಕಾಣುವುದು ಜಾಗದಿಂದ. ಹಂಪಿಯ ಬಂಡೆಯ ಮೇಲೆ ಸಂಜೆ ಬಿಸಿಲು, ಜೋಗದ ನೀರು, ಚಿಕ್ಕಮಗಳೂರಿನ ಮಂಜು. ಅಲ್ಲಿ ಫೋನ್ ಹಿಡಿದರೂ ಚಂದವೇ. ಇವರ ಪಟ್ಟಿಯಲ್ಲಿ ಸೂರ್ಯಾಸ್ತಗಳೇ ಒಂಬತ್ತಿದ್ದವು. ಒಂದೂ ಉಳಿಯಲಿಲ್ಲ.

ಹಾಗಾದರೆ ಯಾವುದು ಕೆಲಸ ತೋರಿಸುತ್ತದೆ? ಕಥೆಯ ಕೆಲಸಕ್ಕೆ ಹೋಗುವ ರೀಲ್‌ನಲ್ಲಿ ನಾನು ಮುಖ್ಯವಾಗಿ ಹುಡುಕುವುದು ನಾಲ್ಕು.

ಒಂದು, ನಡುಮಧ್ಯಾಹ್ನದ ಬಿಸಿಲು. ನಿರ್ಮಾಪಕರು ಇಡೀ ದಿನದ ಬಾಡಿಗೆ ಕೊಟ್ಟಿರುತ್ತಾರೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಶೂಟ್ ಮಾಡುತ್ತೇನೆ ಅಂದರೆ ಯಾರೂ ಒಪ್ಪುವುದಿಲ್ಲ. ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಯ ಮೇಲಿದ್ದಾಗ ಹುಬ್ಬಿನ ಕೆಳಗೆ ಕಣ್ಣು ಕಪ್ಪು ಗುಳಿ ಆಗುತ್ತದೆ. ಮೇಲೆ ಬಟ್ಟೆ ಕಟ್ಟಿ ಬಿಸಿಲು ಮೆದು ಮಾಡಿದಿರೋ, ಥರ್ಮಕೋಲ್ ಹಿಡಿದು ಕೆಳಗಿಂದ ಬೆಳಕು ತುಂಬಿದಿರೋ, ನಟರನ್ನು ನೆರಳಿಗೆ ತಂದಿರೋ, ಕಣ್ಣು ಕಂಡರೆ ಸಾಕು. ಗೊತ್ತಿರುವ ನಿರ್ದೇಶಕರು ಇದನ್ನು ಎರಡು ಸೆಕೆಂಡಿನಲ್ಲಿ ಗುರುತಿಸುತ್ತಾರೆ.

ಎರಡು, ರಾತ್ರಿಯಲ್ಲಿ ಮುಖ. ನಮ್ಮ ನಟರ ಮೈಬಣ್ಣ ಒಂದೇ ಥರ ಇರುವುದಿಲ್ಲ. ಕಪ್ಪು ಮೈಬಣ್ಣಕ್ಕೆ ಸಣ್ಣ ಗಡುಸು ಲೈಟ್ ಹೊಡೆದರೆ ಹಣೆ ಹೊಳೆಯುತ್ತದೆ, ಕೆನ್ನೆ ಮುಳುಗುತ್ತದೆ. ದೊಡ್ಡ ಮೆದು ಬೆಳಕನ್ನು ಪಕ್ಕದಿಂದ ತಂದರೆ ಮುಖದ ಆಕಾರ ಕಾಣುತ್ತದೆ. ಸೆಟ್‌ನಲ್ಲಿ ಬೆಳಕು ಕಡಿಮೆ ಬಿದ್ದು ಆಮೇಲೆ ಡಿಐನಲ್ಲಿ ಎತ್ತಿದ ಶಾಟ್ ಇಡಬೇಡಿ. ಕತ್ತಲ ಭಾಗದಲ್ಲಿ ಮರಳಿನ ಹಾಗೆ ಸಣ್ಣ ಕಾಳು ಓಡಾಡುವುದು ಕಾಣುತ್ತದೆ. ಇನ್ನೊಂದು ಸಣ್ಣ ಉಪಾಯ: ರಾತ್ರಿ ಶಾಟ್ ಆರಿಸುವಾಗ ಫ್ರೇಮ್‌ನೊಳಗೆ ಎಲ್ಲಾದರೂ ದೀಪವೋ, ಬೀದಿ ಲೈಟೋ, ಒಲೆಯ ಬೆಂಕಿಯೋ ಇರುವುದನ್ನು ಆರಿಸಿ. ರೀಲನ್ನು ಹಗಲಿನಲ್ಲಿ ಫೋನ್ ಮೇಲೆ ನೋಡುತ್ತಾರೆ. ಹೊಳೆಯುವ ಒಂದು ಚುಕ್ಕೆ ಇದ್ದರೆ ಕತ್ತಲು ಬೇಕೆಂದೇ ಇಟ್ಟದ್ದು ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಬರೀ ಕಪ್ಪು ಪರದೆ.

ಮೂರು, ಹಗಲಿನ ಒಳಾಂಗಣ. ಮೇಲೆ ಹೇಳಿದ ಕಿಟಕಿಯ ಉದಾಹರಣೆಯೇ ಇದು, ಮತ್ತೆ ಹೇಳುವುದಿಲ್ಲ.

ನಾಲ್ಕು, ಇಬ್ಬರ ಮಾತು. ಇದನ್ನು ಹೆಚ್ಚಿನವರು ರೀಲ್‌ಗೆ ಸೇರಿಸುವುದೇ ಇಲ್ಲ. "ಬೋರ್ ಆಗುತ್ತೆ" ಅಂತಾರೆ. ಆದರೆ ಸರಣಿಯ ಕೆಲಸದ ಮುಕ್ಕಾಲು ಪಾಲು ಇದೇ ಅಲ್ವಾ? ಇಬ್ಬರು ಕೂತು ಮಾತಾಡುವ ದೃಶ್ಯವನ್ನು ಅಕ್ಕನ ಕಡೆ ಬೆಳಿಗ್ಗೆ ಹತ್ತಕ್ಕೆ, ತಂಗಿಯ ಕಡೆ ಮಧ್ಯಾಹ್ನ ಎರಡಕ್ಕೆ ತೆಗೆದಿರುತ್ತೀರಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಂದೇ ಹೊತ್ತಿನ ಹಾಗೆ ಕಾಣಬೇಕು. ಕಿಟಕಿ ಬೆಳಕು ಒಂದೇ ಕಡೆಯಿಂದ ಬರಬೇಕು. ಐಲೈನ್ ಕೂಡಬೇಕು, ಅಂದರೆ ಒಬ್ಬರು ನೋಡುವ ದಿಕ್ಕು ಇನ್ನೊಬ್ಬರು ಇರುವ ಜಾಗಕ್ಕೆ ಸರಿಹೋಗಬೇಕು. ಇದು ಬರುತ್ತಾ ಇಲ್ಲವಾ ಅನ್ನುವುದೇ ನಿರ್ದೇಶಕರ ದೊಡ್ಡ ಭಯ. ಬಿಡಿ ಶಾಟ್‌ಗಳನ್ನು ಎಷ್ಟು ಜೋಡಿಸಿದರೂ ಈ ಭಯ ಹೋಗುವುದಿಲ್ಲ. ಹಾಗಾಗಿ ಒಂದು ದೃಶ್ಯದ ತುಣುಕನ್ನು ಎಡಿಟ್ ಆದ ಹಾಗೇ, ಅದರ ಮಾತಿನ ಸಮೇತ, 15ರಿಂದ 20 ಸೆಕೆಂಡ್ ರೀಲ್ ಒಳಗೆ ಬಿಡಿ.

ನಮಗೆ ಸಿಕ್ಕಿದ್ದು ಅವರ ಎರಡನೇ ಕಿರುಚಿತ್ರದ ಅಡುಗೆಮನೆ ದೃಶ್ಯ. ತಾಯಿ ಮಗಳು ಒಲೆ ಮುಂದೆ. ಐದು ಶಾಟ್, 18 ಸೆಕೆಂಡ್. ಹಳೆಯ ರೀಲ್‌ನಲ್ಲಿ ಆ ದೃಶ್ಯದಿಂದ ಇದ್ದದ್ದು ಸ್ಲೋಮೋಷನ್‌ನಲ್ಲಿ ಏಳುವ ಹೊಗೆ ಮಾತ್ರ!

ಕ್ಯಾಮೆರಾ ಚಲನೆಯ ಬಗ್ಗೆ ಒಂದು ಮಾತು. ಕ್ಯಾಮೆರಾ ಅಲುಗದ ಹಾಗೆ ಮಾಡುವ ಗಿಂಬಲ್ ಹಿಡಿದು ಯಾರ ಹಿಂದೆಯೋ ನಡೆದದ್ದು ಇಂದು ಯಾರಿಗೂ ಅಚ್ಚರಿ ಅಲ್ಲ. ಪಾತ್ರ ಎದ್ದಾಗ ಎದ್ದ, ನಿಂತಾಗ ನಿಂತ ಚಲನೆ ಇದ್ದರೆ ಇಡಿ. ಸುಮ್ನೆ ತೇಲುವುದು ಬೇಡ.

ಒಂದೇ ವಿಷಯವನ್ನು ತೋರಿಸುವ ಶಾಟ್ ನಾಲ್ಕು ಇದ್ದರೆ ಒಳ್ಳೆಯ ಎರಡನ್ನು ಇಟ್ಟು ಎರಡನ್ನು ತೆಗೆಯಿರಿ. 96 ಇದ್ದದ್ದು 52ಕ್ಕೆ ಇಳಿಯಿತು.

5. ಮೂರನೇ ಜರಡಿ: ಎಲ್ಲವನ್ನೂ ಒಂದೇ ಹಾಳೆಯಲ್ಲಿ ನೋಡಿ

ಪ್ರತಿ ಶಾಟ್‌ನಿಂದ ಒಂದು ಸ್ಟಿಲ್ ತೆಗೆದು, ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ, ಸಣ್ಣ ಚಿತ್ರಗಳಾಗಿ ತೆರೆಯಿರಿ. ಪರದೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಟೈಮ್‌ಲೈನ್‌ನಲ್ಲಿ ಒಂದೊಂದಾಗಿ ನೋಡುವಾಗ ಕಾಣದ ದೋಷ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಇವರ ಹಾಳೆಯಲ್ಲಿ ಮೂರು ವಿಷಯ ಕಂಡವು. ಅರ್ಧಕ್ಕಿಂತ ಜಾಸ್ತಿ ಫ್ರೇಮ್‌ಗಳಲ್ಲಿ ಮುಖ ಬಲಗಡೆಯೇ ಇತ್ತು. ಬಹುತೇಕ ರಾತ್ರಿಗಳು ಕಿತ್ತಳೆ ಮತ್ತು ನೀಲಿ. ಒಬ್ಬಳೇ ನಟಿ ಹದಿಮೂರು ಸಲ. ಕೊನೆಯದು ಅತಿ ಅಪಾಯ. ನೋಡುವವರಿಗೆ "ಇವರು ಒಂದೇ ಚಿತ್ರ ಮಾಡಿರುವುದು" ಅನಿಸುತ್ತದೆ. ಆ ನಟಿಯ ಶಾಟ್‌ಗಳನ್ನು, ಅಡುಗೆಮನೆ ದೃಶ್ಯ ಬಿಟ್ಟು, ಮೂರಕ್ಕೆ ಇಳಿಸಿದೆವು. ಹಸಿರು ಟ್ಯೂಬ್‌ಲೈಟ್ ಕೆಳಗೆ ತೆಗೆದ ಒಂದು ಆಸ್ಪತ್ರೆ ಕಾರಿಡಾರ್ ಶಾಟ್ ಅವರಿಗೆ ಅಷ್ಟು ಇಷ್ಟವಿರಲಿಲ್ಲ. ಆದರೆ ಹಾಳೆಯಲ್ಲಿ ಅದರ ಬಣ್ಣ ಬೇರೆ ಯಾವುದಕ್ಕೂ ಇರಲಿಲ್ಲ. ಉಳಿಸಿಕೊಂಡೆವು.

ಇಲ್ಲಿ ಇನ್ನೊಂದು ಬಲೆ ಇದೆ. ಶೂಟ್ ಮಾಡಲು ಪಟ್ಟ ಕಷ್ಟಕ್ಕೂ ಶಾಟ್‌ನ ಬೆಲೆಗೂ ಸಂಬಂಧ ಇಲ್ಲ. ಮಳೆಯಲ್ಲಿ ನೆನೆದು, ಮೂರು ದಿನ ಕಾದು ತೆಗೆದ ದೋಣಿಯ ಶಾಟ್ ಒಂದಿತ್ತು. ಆ ಕಥೆ ನಿಮಗೆ ಗೊತ್ತು, ನೋಡುವವರಿಗೆ ಗೊತ್ತಿಲ್ಲ. ಅವರಿಗೆ ಕಾಣುವುದು ಮಬ್ಬಾದ ಒಂದು ದೋಣಿ. ಅದೂ ಹೋಯಿತು.

ಕೊನೆಗೆ ಉಳಿದದ್ದು 27. ಅದರಲ್ಲಿ ಐದು ಅಡುಗೆಮನೆ ದೃಶ್ಯದವು, 22 ಬಿಡಿ ಶಾಟ್.

6. ಈಗ ಉದ್ದದ ಲೆಕ್ಕ

22 ಬಿಡಿ ಶಾಟ್, ಒಂದೊಂದಕ್ಕೆ ಸರಾಸರಿ 3 ಸೆಕೆಂಡ್: 66. ಅಡುಗೆಮನೆ ದೃಶ್ಯ: 18. ಶುರುವಿನಲ್ಲಿ ಹೆಸರು 2 ಸೆಕೆಂಡ್, ಕೊನೆಯಲ್ಲಿ ಫೋನ್ ನಂಬರ್ ಮತ್ತು ಇಮೇಲ್ 5 ಸೆಕೆಂಡ್. ಒಟ್ಟು 91. ಹೀಗೆ ಬಂತು 1 ನಿಮಿಷ 31 ಸೆಕೆಂಡ್.

ನಿಮ್ಮ ಹತ್ತಿರ 12 ಶಾಟ್ ಮಾತ್ರ ಉಳಿದರೆ? ಹೆಸರೂ ಸೇರಿ ರೀಲ್ ಸುಮಾರು 45 ಸೆಕೆಂಡ್ ಆಗುತ್ತದೆ. ಆಗಲಿ ಬಿಡಿ. ಓದು ಮುಗಿಸಿ ಆಗತಾನೇ ಬಂದವರ 45 ಸೆಕೆಂಡಿನ ಬಿಗಿಯಾದ ರೀಲ್ ನೋಡಿದವರು "ಇನ್ನೂ ಏನಿದೆ, ಕಳಿಸಿ" ಅಂತಾರೆ. ಎರಡೂವರೆ ನಿಮಿಷದ ರೀಲನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಹತ್ತು ವರ್ಷ ಕೆಲಸ ಮಾಡಿದವರಿಗೂ ನಾನು ಎರಡು ನಿಮಿಷ ದಾಟಬೇಡಿ ಅಂತಲೇ ಹೇಳುವುದು. ಜಾಹೀರಾತಿನ ರೀಲ್ ಒಂದು ನಿಮಿಷಕ್ಕೆ ಮುಗಿಯಲಿ. ಡಾಕ್ಯುಮೆಂಟರಿಯದು ಸ್ವಲ್ಪ ಉದ್ದ ಇದ್ದರೂ ನಡೆಯುತ್ತದೆ, ಯಾಕೆಂದರೆ ಅಲ್ಲಿ ಕತ್ತರಿಸದ ಒಂದು ಗಳಿಗೆಯನ್ನು ಪೂರ್ತಿ ತೋರಿಸಬೇಕಾಗುತ್ತದೆ.

ಸರಾಸರಿ 3 ಸೆಕೆಂಡ್ ಅಂದೆ. ಎಲ್ಲ ಶಾಟ್ ಮೂರೇ ಸೆಕೆಂಡ್ ಇರಲಿ ಅಂತ ಅಲ್ಲ. ಕ್ಲೋಸಪ್‌ಗೆ ಎರಡು ಸಾಕು, ಮುಖ ತಕ್ಷಣ ಅರ್ಥ ಆಗುತ್ತದೆ. ವೈಡ್ ಶಾಟ್‌ನಲ್ಲಿ ಕಣ್ಣು ಸುತ್ತಾಡಬೇಕು, ನಾಲ್ಕು ಸೆಕೆಂಡ್ ಕೊಡಿ. ಕ್ಯಾಮೆರಾ ಚಲಿಸುವ ಶಾಟ್ ಆದರೆ ಅದು ಬಂದು ನಿಲ್ಲುವ ಜಾಗ ಕಡ್ಡಾಯವಾಗಿ ಇರಲಿ. ಫೋಕಸ್ ಸರಿಯಾಗಿ ಕೂತಿದೆಯಾ, ಫ್ರೇಮ್ ಸರಿಯಾಗಿ ಇಳಿದಿದೆಯಾ ಅನ್ನುವುದು ಅಲ್ಲೇ ತಿಳಿಯುವುದು. ನಿಲ್ಲುವ ಮೊದಲೇ ಕಟ್ ಮಾಡಿದರೆ "ಕೊನೆಯಲ್ಲಿ ಏನೋ ಕೆಟ್ಟಿರಬೇಕು" ಅಂತ ಅನುಭವಸ್ಥರು ಊಹಿಸುತ್ತಾರೆ. ಬಹಳ ಸಲ ಅವರ ಊಹೆ ನಿಜವೂ ಆಗಿರುತ್ತದೆ.

ಇದೇ ಕಾರಣಕ್ಕೆ ತಾಳಕ್ಕೆ ತಕ್ಕಂತೆ ಅರ್ಧ ಸೆಕೆಂಡಿಗೊಂದು ಕಟ್ ಬೇಡ. ಅದು ಎಡಿಟರ್ ರೀಲ್ ಆಗುತ್ತದೆ. ಸಾಮಾನ್ಯ ವೇಗದಲ್ಲಿ ತೆಗೆದ ಶಾಟನ್ನು ಎಡಿಟಿಂಗ್‌ನಲ್ಲಿ ನಿಧಾನ ಮಾಡುವುದೂ ಬೇಡ. ಸೆಕೆಂಡಿಗೆ 24 ಫ್ರೇಮ್ ಇದ್ದದ್ದನ್ನು ಎಳೆದರೆ ಚಲನೆ ತಡವರಿಸುತ್ತದೆ. ಬೇಕೆಂದೇ ಹೆಚ್ಚು ಫ್ರೇಮ್‌ನಲ್ಲಿ ತೆಗೆದ ಸ್ಲೋಮೋಷನ್ ಇದ್ದರೆ ಒಂದು ಇರಲಿ.

7. ಕ್ರಮ: ಮೊದಲ ಹದಿನೈದು ಸೆಕೆಂಡ್

ಅತಿ ಒಳ್ಳೆಯದನ್ನು ಕೊನೆಗೆ ಕಾದಿಡುವ ಅಭ್ಯಾಸ ಬಿಡಿ. ಕೊನೆವರೆಗೆ ಬಾರದವರೇ ಜಾಸ್ತಿ. ಹೆಸರು ಎರಡು ಸೆಕೆಂಡ್, ಬರೀ ಅಕ್ಷರ. ತಿರುಗುವ ಲೋಗೊ, ಲೆನ್ಸ್ ಫ್ಲೇರ್, ನೀವು ಕ್ಯಾಮೆರಾ ಹಿಡಿದು ನಿಂತ ಫೋಟೊ ಯಾವುದೂ ಬೇಡ.

ಮೊದಲ ಶಾಟ್ ಯಾವುದು ಅನ್ನುವುದಕ್ಕೆ ನಾವು ಮಾನಿಟರ್ ಪಕ್ಕದ ಹಾಳೆ ನೋಡಿದೆವು: ಒಳಾಂಗಣ, ರಾತ್ರಿ. ಅವರು ಶುರುವಿಗೆ ಇಟ್ಟಿದ್ದದ್ದು ಕಡಲ ತೀರ. ನಾವು ಇಟ್ಟದ್ದು ಪವರ್ ಹೋದ ಮನೆಯಲ್ಲಿ ಮೇಣದಬತ್ತಿ ಹಿಡಿದು ಬಾಗಿಲಿಗೆ ಬರುವ ಮುದುಕಿ. ಎರಡನೆಯದು ಹಾಗೇ ಇರಬಾರದು, ಹಾಗಾಗಿ ನಡುಮಧ್ಯಾಹ್ನದ ಸಂತೆ. ಮೂರನೆಯದು ಕಿಟಕಿ ಪಕ್ಕ ಕೂತ ಹುಡುಗ. ನಾಲ್ಕು ಆಸ್ಪತ್ರೆ ಕಾರಿಡಾರ್. ಐದು ಜಾಹೀರಾತಿನ ಒಂದು ಮುಖ. ಇಷ್ಟಕ್ಕೆ ಹದಿನಾರು ಸೆಕೆಂಡ್. ಅಲ್ಲಿಗೇ ನಿಲ್ಲಿಸಿದರೂ ಇವರ ಕೈ ಎಲ್ಲೆಲ್ಲಿ ಆಡುತ್ತದೆ ಅಂತ ಗೊತ್ತಾಗುತ್ತದೆ.

ಅಡುಗೆಮನೆ ದೃಶ್ಯವನ್ನು 40ನೇ ಸೆಕೆಂಡಿನ ಆಸುಪಾಸು ಇಟ್ಟೆವು. ಅಲ್ಲಿಯವರೆಗೆ ಬಂದವರು ಇನ್ನು ಹದಿನೆಂಟು ಸೆಕೆಂಡ್ ಕೂರುತ್ತಾರೆ. ಚಿತ್ರವಾರು ಗುಂಪು ಮಾಡಬೇಡಿ. ಒಂದೇ ಚಿತ್ರದ ಶಾಟ್‌ಗಳು ಸಾಲಾಗಿ ಬಂದರೆ ಅದು ಟ್ರೇಲರ್ ಥರ ಆಗುತ್ತದೆ.

ಬೇರೆ ಬೇರೆ ಚಿತ್ರಗಳ ಆಸ್ಪೆಕ್ಟ್ ರೇಷಿಯೊ, ಅಂದರೆ ಫ್ರೇಮ್‌ನ ಅಗಲ ಎತ್ತರದ ಪ್ರಮಾಣ, ಬೇರೆ ಬೇರೆ ಇರುತ್ತದೆ. 1920x1080 ಟೈಮ್‌ಲೈನ್‌ನಲ್ಲಿ ಅಗಲದ ಚಿತ್ರಕ್ಕೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಬರಲಿ. ಎಲ್ಲ ಒಂದೇ ಥರ ಕಾಣಲಿ ಅಂತ ತಲೆ ಕತ್ತರಿಸಬೇಡಿ. ನೀವು ಮಾಡಿದ ಫ್ರೇಮನ್ನು ನೀವೇ ಕೆಡಿಸಿದ ಹಾಗೆ. ಫೋನ್‌ಗೆಂದು ಲಂಬವಾಗಿ ತೆಗೆದ ಶಾಟ್ ಈ ರೀಲ್‌ಗೆ ಬೇಡ.

8. ಹಾಡು ಆಮೇಲೆ

ಮೊದಲು ಹಾಡು ಆರಿಸಿ ಅದಕ್ಕೆ ಶಾಟ್ ಹೊಂದಿಸಿದರೆ ಹಾಡು ಮುಗಿಯುವವರೆಗೆ ರೀಲ್ ಎಳೆಯಬೇಕಾಗುತ್ತದೆ. ಹಳೆಯ ರೀಲ್ 3 ನಿಮಿಷ 40 ಸೆಕೆಂಡ್ ಇದ್ದದ್ದಕ್ಕೆ ನಿಜವಾದ ಕಾರಣ ಅದೇ: ಹಾಡು ಅಷ್ಟುದ್ದ ಇತ್ತು.

ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್ ಅದನ್ನು ಗುರುತಿಸುತ್ತದೆ. ಹಕ್ಕಿನ ಒಡೆಯರು ಹೇಗೆ ನಿಗದಿ ಮಾಡಿದ್ದಾರೋ ಹಾಗೆ ವಿಡಿಯೊ ತಡೆಯಬಹುದು ಅಥವಾ ಅದರಲ್ಲಿ ಜಾಹೀರಾತು ಓಡಬಹುದು. ಅರ್ಜಿ ಹಾಕಿದ ದಿನವೇ ಹಾಗಾದರೆ ಯಾರಿಗೆ ಹೇಳುತ್ತೀರಿ? ಪರವಾನಗಿ ಇರುವ, ಮಾತಿಲ್ಲದ ಸಂಗೀತ ಹಾಕಿ. ಸಾಹಿತ್ಯ ಇದ್ದರೆ ಕಿವಿ ಅದರ ಹಿಂದೆ ಹೋಗುತ್ತದೆ. ಮಾತಿನ ದೃಶ್ಯ ಬಂದಾಗ ಸಂಗೀತವನ್ನು ಪೂರ್ತಿ ಇಳಿಸಿ, ಪಾತ್ರಗಳ ದನಿ ಕೇಳಲಿ.

9. ಮೂರು ಪರೀಕ್ಷೆ

ಮೊದಲನೆಯದು, ದನಿ ಮುಚ್ಚಿ ನೋಡಿ. ಎಷ್ಟೋ ಜನ ಮೀಟಿಂಗ್ ನಡುವೆ, ಕಾರಿನಲ್ಲಿ, ದನಿ ಇಲ್ಲದೆಯೇ ನೋಡುತ್ತಾರೆ. ಸಂಗೀತ ತೆಗೆದಾಗ ರೀಲ್ ಸಪ್ಪೆ ಆದರೆ ಶಾಟ್‌ಗಳೇ ಸಪ್ಪೆ ಇವೆ ಅಂತ ಅರ್ಥ.

ಎರಡನೆಯದು, ಫೋನ್‌ನಲ್ಲಿ, ಬ್ರೈಟ್‌ನೆಸ್ ಅರ್ಧಕ್ಕೆ ಇಟ್ಟು, ಕಿಟಕಿ ಪಕ್ಕ ನಿಂತು ನೋಡಿ. ಮುಖ ಕಾಣದ ರಾತ್ರಿ ಶಾಟ್ ಯಾವುದೋ ಅದನ್ನು ಬದಲಿಸಿ. ಬೆಳಕು ಎತ್ತಿ ಸರಿಮಾಡುತ್ತೇನೆ ಅಂತ ಹೋಗಬೇಡಿ. ನಿರ್ದೇಶಕರು ಮೂಲ ಚಿತ್ರ ಹುಡುಕಿ ನೋಡಿದಾಗ ಎರಡೂ ಬೇರೆ ಬೇರೆ ಕಾಣುತ್ತವೆ. ನಮ್ಮಲ್ಲಿ ಹೀಗೆ ಎರಡು ಶಾಟ್ ಬಿದ್ದವು. 52ರ ಪಟ್ಟಿಯಿಂದ ಬೇರೆ ಎರಡನ್ನು ಅಷ್ಟೇ ಉದ್ದಕ್ಕೆ ತಂದೆವು.

ಮೂರನೆಯದು, ಸಿನಿಮಾದವರೇ ಆದರೂ ಕ್ಯಾಮೆರಾ ವಿಭಾಗದವರಲ್ಲದ ಒಬ್ಬರಿಗೆ ತೋರಿಸಿ. ಅಸೋಸಿಯೇಟ್ ಡೈರೆಕ್ಟರ್ ಅಥವಾ ಪ್ರೊಡಕ್ಷನ್ ಮ್ಯಾನೇಜರ್ ಆದರೆ ಒಳ್ಳೆಯದು. ಹದಿನೈದು ಸೆಕೆಂಡಿಗೆ ನಿಲ್ಲಿಸಿ ಕೇಳಿ: "ಇವರಿಗೆ ಯಾವ ಥರದ ಕೆಲಸ ಕೊಡ್ತೀರಿ?" ಉತ್ತರ ನಿಮ್ಮ ಹಾಳೆಯ ಸಾಲಿಗೆ ಹತ್ತಿರ ಇರಬೇಕು. "ಟೂರಿಸಂ ವಿಡಿಯೊ" ಅಂದರೆ ಏಳನೇ ಹಂತಕ್ಕೆ ವಾಪಸ್ ಹೋಗಿ. "ಹೇಗಿದೆ?" ಅಂತ ಮಾತ್ರ ಕೇಳಬೇಡಿ. "ಸೂಪರ್" ಅನ್ನುತ್ತಾರೆ, ಅದರಿಂದ ಏನೂ ಉಪಯೋಗ ಇಲ್ಲ.

10. ಕಳಿಸುವುದು

H.264 ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಅಪ್‌ಲೋಡ್ ಆದ ಮೇಲೆ ಇನ್ನೊಂದು ಫೋನ್‌ನಲ್ಲಿ, ಲಾಗಿನ್ ಇಲ್ಲದೆ ತೆರೆದು ನೋಡಿ. ಪ್ರೈವೇಟ್ ಅಂತ ಇಟ್ಟು ಮರೆತವರು ತುಂಬ ಜನ. ವಿಮಿಯೊದಲ್ಲಿ ಫೈಲ್ ಬದಲಿಸಿದರೂ ಲಿಂಕ್ ಅದೇ ಉಳಿಯುತ್ತದೆ. ಯೂಟ್ಯೂಬ್‌ನಲ್ಲಿ ಹೊಸ ಫೈಲ್ ಅಂದರೆ ಹೊಸ ಲಿಂಕ್. ಆರು ತಿಂಗಳಿಗೊಮ್ಮೆ ಎರಡು ಮೂರು ಶಾಟ್ ಬದಲಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ವಿಡಿಯೊ ಕೆಳಗೆ ವಿವರ ಬರೆಯುವ ಜಾಗದಲ್ಲಿ ಯಾವ ಸೆಕೆಂಡಿನಲ್ಲಿ ಯಾವ ಕೆಲಸ, ನಿಮ್ಮ ಪಾತ್ರ ಏನು ಅಂತ ಪಟ್ಟಿ ಹಾಕಿ. "0:02 ಕಿರುಚಿತ್ರ, ಛಾಯಾಗ್ರಹಣ. 0:09 ಸಿನಿಮಾ, ಸೆಕೆಂಡ್ ಯೂನಿಟ್ ಛಾಯಾಗ್ರಹಣ." ಹೀಗೆ. ಕಲರಿಸ್ಟ್ ಹೆಸರನ್ನೂ ಹಾಕಿ.

ಫೈಲನ್ನೇ ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಬೇಡಿ, ಅದು ಹಿಂಡಿ ಗುಣಮಟ್ಟ ಇಳಿಸುತ್ತದೆ. ಲಿಂಕ್ ಕಳಿಸಿ. ಅದರ ಜೊತೆ ಉದ್ದದ ಪತ್ರ ಬೇಡ. ಇವರು ಕಳಿಸಿದ್ದು ಹೀಗಿತ್ತು:

"ನಮಸ್ತೆ ಸರ್. ನಿಮ್ಮ ಸರಣಿಗೆ ಛಾಯಾಗ್ರಾಹಕರು ಬೇಕು ಅಂತ ತಿಳಿಯಿತು. ನನ್ನ ರೀಲ್ ಕೆಳಗಿದೆ, ಒಂದೂವರೆ ನಿಮಿಷ. ಅದರಲ್ಲಿರುವ ಅಡುಗೆಮನೆ ದೃಶ್ಯವನ್ನು ಪೂರ್ತಿ ನೋಡಬೇಕೆನಿಸಿದರೆ ಎರಡನೇ ಲಿಂಕ್‌ನಲ್ಲಿದೆ, ನಾಲ್ಕು ನಿಮಿಷ. ಸೆಟ್‌ನಲ್ಲಿ ಎರಡು ಲೈಟ್ ಮಾತ್ರ ಇತ್ತು."

ಮರುದಿನ ಅವರಿಗೆ ಬಂದ ಫೋನ್‌ನಲ್ಲಿ ಮೊದಲು ಕೇಳಿದ್ದು ಆ ಎರಡು ಲೈಟ್ ಎಲ್ಲಿಟ್ಟಿದ್ದಿರಿ ಅಂತ.